ಕೆಂಪು ಬುಕ್ಕಿನ ಒಂದು ಪುಟ

ಹೊಸಪೇಟೆಯ ಹಳೆ ಬಜಾರಿನ ಒಂದು ಸಂದಿಯಲ್ಲಿ ಎಂಟಡಿ ಅಗಲದ ಟೇಲರ್ ಅಂಗಡಿ ಇದೆ. ಒಂದು ಕಟ್ಟಿಂಗ್ ಮೇಜು, ಎರಡು ಕಾಲು ಮಿಷನ್ನು, ಕುಳಿತವರ ತೂಕಕ್ಕೆ ನಡುವೆ ಬಾಗಿದ ಬೆಂಚು. ಗೋಡೆಯ ಮೊಳೆಗೆ ಎರಡು ಅಳತೆ ಬುಕ್ಕು ತೂಗುತ್ತವೆ, ನೀಲಿ ರಟ್ಟಿನದು ಗಂಡಸರಿಗೆ, ಕೆಂಪು ರಟ್ಟಿನದು ಹೆಂಗಸರಿಗೆ. ಇಲ್ಲಿನ ಮಾಸ್ತರು ಅಳತೆಯನ್ನು ಬಾಯಲ್ಲಿ ಹೇಳುವುದಿಲ್ಲ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಅದನ್ನು ನೋಡಲೆಂದೇ ನಾನು ಹೋಗಿದ್ದೆ.

ಬಹಳ ಅಂಗಡಿಗಳಲ್ಲಿ ಮಾಸ್ತರು ಟೇಪು ಹಿಡಿದು ಅಂಕಿ ಕೂಗುತ್ತಾರೆ, ಹುಡುಗನೊಬ್ಬ ಬರೆದುಕೊಳ್ಳುತ್ತಾನೆ. ಬೆಂಚಿನ ಮೇಲೆ ಕೂತವರಿಗೆಲ್ಲ ಅದು ಕೇಳಿಸುತ್ತದೆ. ಈ ಮಾಸ್ತರು ಒಂದು ಅಳತೆ ತೆಗೆಯುತ್ತಾರೆ, ಮೇಜಿಗೆ ತಿರುಗಿ ಬರೆಯುತ್ತಾರೆ, ಮತ್ತೆ ಬರುತ್ತಾರೆ. ಒಂದು ಚೂಡಿದಾರಕ್ಕೆ ಹನ್ನೊಂದು ಸಲ ಹೀಗೆ ಓಡಾಡಬೇಕು. ‘ದಪ್ಪ ಆಗೀರಿ’, ‘ಇಳಿದೀರಿ’ ಎಂಬ ಮಾತು ಆ ಅಂಗಡಿಯಲ್ಲಿ ಯಾರೂ ಕೇಳಿಲ್ಲ. ಕಲಿಸಿದ್ದು ಅವರ ತಂದೆ. ತುಂಗಭದ್ರಾ ಅಣೆಕಟ್ಟಿನ ಕೆಲಸ ನಡೆದಿದ್ದಾಗ ಊರಿಗೆ ಬಂದು, ಕೂಲಿಯವರಿಗೆ ಖಾಕಿ ಚಡ್ಡಿ ಹೊಲಿದು ನೆಲೆ ನಿಂತವರಂತೆ. 1953ರಲ್ಲಿ ಅಣೆಕಟ್ಟು ಮುಗಿದು ಕೂಲಿಯವರು ಚದುರಿದ ಮೇಲೆ ಉಳಿದದ್ದು ಹೆಂಗಸರ ಕುಪ್ಪಸದ ಕೆಲಸ. ಮೊದಲ ದಿನವೇ ಒಬ್ಬಾಕೆಯ ಎದೆ ಸುತ್ತಳತೆ ಗಟ್ಟಿಯಾಗಿ ಕೂಗಿದ ಮಗನಿಗೆ ಗಜಕೋಲಿನಲ್ಲಿ ಬಿತ್ತು. ಅಂಗಡಿಯ ಇತಿಹಾಸ ಕೇಳಿದರೆ ಮಾಸ್ತರು ಹೇಳುವುದು ಇಷ್ಟೇ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರಲ್ಲ ಎಂದು ನಾನು ನೆನಪಿಸಿದರೆ, ‘ಹೌದು, ದೊಡ್ಡವರು’ ಎಂದು ಕೈ ಮುಗಿದು ಚಾಕ್ ಚೂಪು ಮಾಡಲು ಕೂತರು.

ಈ ಮೌನದ ಬೆಲೆ ನನಗೆ ತಿಳಿದದ್ದು ಮಾಸ್ತರಿಂದ ಅಲ್ಲ, ಒಬ್ಬ ಹುಡುಗಿಯಿಂದ. ಹೆಸರು ಇಲ್ಲಿ ಬೇಡ. ಎರಡು ವರ್ಷದ ಹಿಂದೆ, ಎರಡನೇ ಪಿಯುಸಿಯಲ್ಲಿದ್ದಾಗ, ಅವಳು ಈ ಅಂಗಡಿಯ ಮೆಟ್ಟಿಲು ಹತ್ತಿದಳು. ಹುಟ್ಟಿದಾಗ ಮನೆಯವರು ಗಂಡು ಎಂದುಕೊಂಡರು, ಶಾಲೆಯ ದಾಖಲೆಯಲ್ಲೂ ಹಾಗೇ ಇತ್ತು. ತಾನು ಹೆಣ್ಣು ಎಂಬುದು ಅವಳಿಗೆ ಆರನೇ ಕ್ಲಾಸಿನಿಂದ ಗೊತ್ತು. ಮನೆಯಲ್ಲಿ ತಿಳಿದಿದ್ದು ದೊಡ್ಡಮ್ಮನ ಮಗಳೊಬ್ಬಳಿಗೆ ಮಾತ್ರ, ಅಂದು ಜೊತೆಗೆ ಬಂದದ್ದೂ ಆ ಅಕ್ಕನೇ. ಹಿಂದಿನ ವಾರ ಒಂದು ರೆಡಿಮೇಡ್ ಅಂಗಡಿಯಲ್ಲಿ ‘ಯಾರಿಗೆ ಬೇಕು? ತಂಗಿಗಾ?’ ಎಂದು ನಕ್ಕಿದ್ದರಿಂದ ಇಬ್ಬರೂ ಬರಿಗೈಯಲ್ಲಿ ಹಿಂದಿರುಗಿದ್ದರು.

ಸೀರೆ ಉಡಬಹುದಿತ್ತಲ್ಲ ಎಂದು ಕೇಳಿದೆ. ಇಲ್ಲಿಂದ ಸ್ವಲ್ಪ ದೂರದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದಾಗ, ಸೆರಗಿನಿಂದ ಅವರ ದೃಷ್ಟಿ ತೆಗೆದದ್ದನ್ನು ಈ ಹುಡುಗಿಯೂ ಫೋನಿನಲ್ಲಿ ಎಷ್ಟೋ ಸಲ ನೋಡಿದ್ದಾಳೆ. ‘ಸೀರಿಗೆ ಅಳತಿ ಬೇಕಾಗಂಗಿಲ್ಲರಿ, ಯಾರ ಮೈಗಾದ್ರೂ ಸುತ್ತತದ. ನನಗ ನನ್ನ ಅಳತಿದು ಒಂದು ಬೇಕಾಗಿತ್ತು’ ಎಂದಳು. ಜೊತೆಯ ಹುಡುಗಿಯರು ಕಾಲೇಜಿಗೆ ಹಾಕಿಕೊಂಡು ಬರುವಂಥ ಚೂಡಿದಾರ. ಅಕ್ಕನ ಚೀಲದಲ್ಲಿ ಎರಡೂವರೆ ಮೀಟರ್ ಕಾಟನ್ ಬಟ್ಟೆಯಿತ್ತು, ತಿಳಿ ಹಸಿರು, ಸಣ್ಣ ಬಿಳಿ ಹೂವಿನದು.

ಅವಳು ಪ್ಯಾಂಟು ಶರ್ಟಿನಲ್ಲೇ ಬಂದಿದ್ದಳು. ಮಾಸ್ತರು ಬಟ್ಟೆ ಬಿಚ್ಚಿ ಪನ್ನ ನೋಡಿದರು, ‘ಯಾರಿಗವ್ವಾ?’ ಎಂದು ಅಕ್ಕನನ್ನು ಕೇಳಿದರು. ‘ನನಗರಿ’ ಎಂದು ಇವಳೇ ಹೇಳಿದಳು. ಮಾಸ್ತರ ಕೈ ಗೋಡೆಯ ಮೊಳೆಯತ್ತ ಹೋಯಿತು. ಎರಡು ಬುಕ್ಕಿರುವುದು ಅವಳಿಗೂ ಕಾಣುತ್ತಿತ್ತು. ಅವರು ಕೆಂಪು ಬುಕ್ಕು ತೆಗೆದು, ಹೊಸ ಪುಟ ಬಿಡಿಸಿ, ಹೆಸರು ಕೇಳಿ ಬರೆದುಕೊಂಡರು. ಆಮೇಲೆ, ‘ಹಿಂಗ ಬಾ ತಂಗಿ, ಬೆಳಕಿಗೆ ನಿಂದ್ರು’ ಎಂದರು. ಅಂಗಡಿಗೆ ಬಂದ ಹುಡುಗಿಯರನ್ನೆಲ್ಲ ಅವರು ಕರೆಯುವುದು ಹಾಗೆಯೇ.

ಟೇಲರುಗಳಿಗೆ ಗೊತ್ತಿರುವ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಹೆದರಿದ ಮೈ ಸರಿಯಾದ ಅಳತೆ ಕೊಡುವುದಿಲ್ಲ. ಉಸಿರು ಬಿಗಿಹಿಡಿದರೆ ಎದೆ ಸುತ್ತಳತೆ ಒಂದಿಂಚು ಹೆಚ್ಚು ಬರುತ್ತದೆ. ಭುಜ ಮುಂದಕ್ಕೆ ಮುದುಡಿಕೊಂಡರೆ ಬೆನ್ನು ಉದ್ದವಾಗಿ ಎದೆ ಕಡೆ ಗಿಡ್ಡವಾಗುತ್ತದೆ. ಆ ಅಳತೆಗೆ ಹೊಲಿದ ಬಟ್ಟೆ ಹಾಕಿಕೊಂಡು ನೆಟ್ಟಗೆ ನಿಂತರೆ ಮುಂದಿನ ಅಂಚು ಮೇಲಕ್ಕೆ ಎಳೆಯುತ್ತದೆ, ಹಿಂದೆ ಸೊಂಟದ ಮೇಲೆ ಬಟ್ಟೆ ಚೀಲದಂತೆ ಜೋಲುತ್ತದೆ. ಅದಕ್ಕೇ ಮಾಸ್ತರು ಮೊದಲು ಉದ್ದ ಹಿಡಿಯುತ್ತಾರೆ, ಅದರಲ್ಲಿ ಯಾರಿಗೂ ಸಂಕೋಚವಿಲ್ಲ. ಆಮೇಲೆ ತೋಳು. ನಡುವೆ ಚಾಕ್ ಬೀಳಿಸಿ ಹೆಕ್ಕುತ್ತಾರೆ, ಕತ್ತಿನ ಆಕಾರ ಕೇಳುತ್ತಾರೆ. ಮಾತಾಡಲು ಉಸಿರು ಬಿಡಲೇಬೇಕು. ಹಾಗೆ ಉಸಿರು ಬಿಟ್ಟ ಮೇಲೆ, ಟೇಪಿನೊಳಗೆ ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟು, ಬಟ್ಟೆಯ ಮೇಲಿಂದಲೇ ಎದೆಯ ಸುತ್ತಳತೆ. ಸೊಂಟ, ಸೀಟು ಆಮೇಲೆ. ಟೇಪನ್ನೂ ತಿಂಗಳಿಗೊಮ್ಮೆ ಕಬ್ಬಿಣದ ಗಜಕೋಲಿನ ಮೇಲೆ ಎಳೆದು ನೋಡುತ್ತಾರೆ. ಬಟ್ಟೆಯ ಟೇಪು ಹಳತಾದಂತೆ ಹಿಗ್ಗುತ್ತದೆ, ಹಿಗ್ಗಿದ ಟೇಪು ಕಡಿಮೆ ಅಂಕಿ ತೋರಿಸುತ್ತದೆ, ಬಟ್ಟೆ ಬಿಗಿಯಾಗುತ್ತದೆ.

ಬೆನ್ನಿನ ಅಳತೆಯನ್ನು, ಕತ್ತಿನ ಹಿಂದಿನ ಎಲುಬಿನಿಂದ ಸೊಂಟದವರೆಗೆ, ಮಾಸ್ತರು ಎರಡು ಸಲ ತೆಗೆದರು. ಮೊದಲ ಸಲ ಹದಿನೈದೂವರೆ ಇಂಚು. ‘ನೆಟ್ಟಗ ನಿಂದ್ರು ತಂಗಿ’ ಎಂದ ಮೇಲೆ ಹದಿನೈದು. ಎರಡೂ ಬರೆದುಕೊಂಡರು. ನಂತರ ಭುಜದಿಂದ ಎದೆಯವರೆಗಿನ ಡಾಟ್ ಅಳತೆ. ಕೆಂಪು ಬುಕ್ಕಿನಲ್ಲಿ ಮಾತ್ರ ಇರುವ ಕಾಲಂ ಇದು, ಗಂಡಸರ ಶರ್ಟಿಗೆ ಬೇಕಿಲ್ಲ. ಇದೊಂದನ್ನು ಬಿಟ್ಟುಬಿಡುತ್ತಾರೆ ಎಂದು ಹುಡುಗಿ ಅಂದುಕೊಂಡಿದ್ದಳು. ಮಾಸ್ತರು ಟೇಪು ಇಳಿಬಿಟ್ಟು, ಒಂಬತ್ತೂವರೆ ಎಂದು ಬರೆದು, ಮುಂದಿನ ಕಾಲಂಗೆ ಹೋದರು. ‘ಅದಕ್ಕ ನಾ ತಯಾರಾಗೇ ಬಂದಿದ್ದಿಲ್ಲರಿ’ ಎಂದು ನನಗೆ ಹೇಳುವಾಗ ಅವಳು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದಳು.

ಅಳತೆ ಮುಗಿದ ಮೇಲೆ ಮಾಸ್ತರು ಕೇಳಿದ ಪ್ರಶ್ನೆ ಒಂದೇ: ‘ತೋಳಿನ ಬುಡಕ್ಕ ಸ್ವಲ್ಪ ನಿರಿಗಿ ಕೊಡ್ಲೇನು? ಈಗ ಎಲ್ಲಾ ಹುಡುಗ್ಯಾರು ಹಂಗ ಕೇಳ್ತಾರ.’ ಫ್ಯಾಷನ್ನಿನ ಮಾತು ಎಂದುಕೊಂಡು ಅವಳು ಹೂಂ ಎಂದಳು. ನಿಜವಾದ ಕಾರಣ ನನಗೆ ತಿಳಿದದ್ದು ಆ ಪುಟವನ್ನು ನೋಡಿದ ಮೇಲೆ, ಅದೂ ಅವಳ ಒಪ್ಪಿಗೆ ಪಡೆದು. ಎದೆ ಸುತ್ತಳತೆ ಮೂವತ್ತಮೂರು, ಭುಜ ಹದಿನೈದೂವರೆ. ಆ ಎದೆ ಅಳತೆಯ ಹುಡುಗಿಗೆ ಸಾಮಾನ್ಯವಾಗಿ ಭುಜ ಹದಿನಾಲ್ಕರ ಹತ್ತಿರ ಇರುತ್ತದೆ. ಇದ್ದ ಅಳತೆಗೇ ಹೊಲಿದರೆ ಭುಜದ ಅಗಲವೇ ಮೊದಲು ಕಣ್ಣಿಗೆ ಬೀಳುತ್ತದೆ. ಅದಕ್ಕೇ ಭುಜದ ಹೊಲಿಗೆಯನ್ನು ಎರಡೂ ಕಡೆ ಅರ್ಧರ್ಧ ಇಂಚಿಗಿಂತ ಸ್ವಲ್ಪ ಕಡಿಮೆ ಒಳಗೆ ತಂದಿದ್ದರು. ಹಾಗೆ ತಂದಾಗ ತೋಳಿನ ಬಟ್ಟೆ ಭುಜದ ತುದಿಯನ್ನೂ ಮುಚ್ಚಬೇಕು, ಇಲ್ಲದಿದ್ದರೆ ಕೈ ಎತ್ತಿದರೆ ಬಗಲು ಹಿಡಿಯುತ್ತದೆ. ನಿರಿಗೆ ಬೇಕಾದದ್ದು ಆ ಹೆಚ್ಚಿನ ಬಟ್ಟೆಗೆ. ಸೊಂಟದ ಹೊಲಿಗೆಯನ್ನು ಅರ್ಧ ಇಂಚು ಮೇಲಕ್ಕೆ ಏರಿಸಿ, ಅಲ್ಲಿಂದ ಕೆಳಗೆ ಅಗಲವಾಗುತ್ತಾ ಹೋಗುವಂತೆ ಕತ್ತರಿಸಿದ್ದರು. ಅಂಬ್ರೆಲಾ ಕಟ್ ಮಾಡಿದ್ದರೆ ಇನ್ನೂ ಚೆನ್ನಾಗಿ ಬೀಳುತ್ತಿತ್ತು, ಆದರೆ ಎರಡೂವರೆ ಮೀಟರಿನಲ್ಲಿ ಅದು ಸಾಲದು. ಡಾಟ್ ಹಿಡಿದದ್ದು ಬರೀ ಅರ್ಧ ಇಂಚು. ಪಕ್ಕದ ಹೊಲಿಗೆಯ ಒಳಗೆ, ಎಲ್ಲರಿಗೂ ಒಂದಿಂಚು ಬಿಡುವ ಕಡೆ, ಎರಡಿಂಚು ಬಟ್ಟೆ ಮಡಿಚಿ ಬಿಟ್ಟಿದ್ದರು. ಯಾಕೆ ಎಂದು ಕೇಳಿದೆ. ‘ಬೆಳಿಯೋ ಹುಡುಗಿ. ಮೈ ಬದಲಾಗತದ. ಆಗ ಬಿಚ್ಚಿ ಹೊಲಿಬೇಕಲ್ಲ’ ಎಂದರು.

ಬೆನ್ನಿನ ಎರಡು ಅಂಕಿಗಳಲ್ಲಿ ಯಾವುದಕ್ಕೆ ಕತ್ತರಿಸಿದಿರಿ ಎಂದೂ ಕೇಳಿದೆ. ಗಿರಾಕಿ ಹೇಗೆ ನಿಲ್ಲುತ್ತಾರೋ ಹಾಗೆಯೇ ಅಳೆದು ಹೊಲಿಯಬೇಕು ಎಂಬುದು ಕಸುಬಿನ ನಿಯಮ. ಗೂನು ಬೆನ್ನಿನ ಅಜ್ಜನಿಗೆ ನೆಟ್ಟಗಿನ ಅಂಗಿ ಹೊಲಿದರೆ ಅಂಗಡಿಯ ಹೆಸರು ಕೆಡುತ್ತದೆ. ಮಾಸ್ತರು ಇಲ್ಲಿ ನಿಯಮ ಮುರಿದಿದ್ದರು. ಹದಿನೈದೂವರೆಗೆ ಅಡ್ಡ ಗೀಟು ಎಳೆದು, ಹದಿನೈದನ್ನು ಉಳಿಸಿಕೊಂಡಿದ್ದರು.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ, ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಕೇಳುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪನ್ನು ನಾನು ವಿವರಿಸಿದಾಗ ಮಾಸ್ತರು ಗಮನವಿಟ್ಟು ಕೇಳಿ, ‘ಬಟ್ಟಿ ಯಾರಿಗಂತ ಕೇಳಿದ್ನಿ, ನನಗ ಅಂತು’ ಎಂದಷ್ಟೇ ಹೇಳಿದರು.

ಎಂಟು ದಿನಕ್ಕೆ ಬಟ್ಟೆ ಸಿದ್ಧವಾಯಿತು. ಅಂಗಡಿಯ ಹಿಂದೆ ಪರದೆ ಕಟ್ಟಿದ ಮೂಲೆಯಲ್ಲಿ ಹಾಕಿಕೊಂಡು ಬಂದಾಗ ಮುಂದಿನ ಅಂಚು ಮುಕ್ಕಾಲು ಇಂಚು ಕೆಳಗೆ ಜೋತಿತ್ತು, ಎದೆಯ ಮೇಲೆ ಸುಕ್ಕು ಕೂತಿತ್ತು. ‘ತಪ್ಪಿ ಹೋತೇನ್ರಿ?’ ಎಂದು ಅಕ್ಕ ಗಾಬರಿಯಾದಳು. ಮಾಸ್ತರು ಕನ್ನಡಿಯನ್ನು ಸ್ವಲ್ಪ ತಿರುಗಿಸಿ ಕಾದರು. ಹುಡುಗಿ ಕನ್ನಡಿ ನೋಡಿದಳು, ಇನ್ನೊಂದು ಸಲ ನೋಡಿದಳು. ಭುಜ ಹಿಂದಕ್ಕೆ ಹೋಯಿತು, ಅಂಚು ಸಮವಾಯಿತು.

ಈಗ ಮಾಸ್ತರು ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ, ಇನ್ನೊಂದು ಬಾಕಿ ಇದೆ. ಸೂಜಿಗೆ ದಾರ ಪೋಣಿಸುವುದು ಸೊಸೆ. ಬರುವವರೂ ಕಡಿಮೆ. ದಿನಕ್ಕೆ ನಾಲ್ಕು ಜನ ರೆಡಿಮೇಡ್ ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬರುತ್ತಾರೆ, ಅದಕ್ಕೆ ಬುಕ್ಕೇ ಬೇಡ. ಅಂಗಡಿಯನ್ನು ಮೊಬೈಲ್ ಸಾಮಾನಿನವರಿಗೆ ಬಾಡಿಗೆಗೆ ಕೊಡುವ ಮಾತು ಮನೆಯಲ್ಲಿ ನಡೆದಿದೆ. ಕೊಡಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ, ಆದರೂ ಹೇಳಿ ಬಂದೆ.

ಹುಡುಗಿ ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಕಳೆದ ತಿಂಗಳು ಅಲ್ಲಿನ ಟೇಲರಿಗೆ ಕೊಡಲು ಹಳೆ ಅಳತೆ ಬೇಕೆಂದು ಫೋನು ಮಾಡಿದ್ದಳು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಮಾಸ್ತರು ಕೆಂಪು ಬುಕ್ಕು ತೆಗೆದು ಪುಟ ಹುಡುಕಿದರು, ಅಂಕಿ ಓದಲಿಲ್ಲ. ಮೊಮ್ಮಗನನ್ನು ಕರೆದು ಆ ಪುಟದ ಫೋಟೋ ತೆಗೆಸಿ ಕಳಿಸಿದರು. ‘ಇದು ಹಳೇದು ತಂಗಿ, ಅಲ್ಲಿ ಹೊಸಾದು ತಗಿಸು’ ಎಂದು ಹೇಳಿ, ಬುಕ್ಕನ್ನು ಮೊಳೆಗೆ ನೇತು ಹಾಕಿದರು.