ಬಡಾವಣೆಯ ಅಂಗಡಿಗೆ ಆ್ಯಪ್ ಬೇಕೆ, ವೆಬ್‌ಸೈಟ್ ಸಾಕೆ?

ಮೈಸೂರಿನ ಕುವೆಂಪುನಗರದಂಥ ಬಡಾವಣೆಯ ಒಂದು ದಿನಸಿ ಅಂಗಡಿಯನ್ನು ಊಹಿಸಿಕೊಳ್ಳಿ. ಸುತ್ತಲಿನ ಇನ್ನೂರು ಮನೆಗಳಿಗೆ ಸಾಮಾನು ಕಳಿಸುತ್ತಾರೆ. ಗಿರಾಕಿಗಳು ಫೋನ್ ಮಾಡುತ್ತಾರೆ, ಇಲ್ಲವೇ ಚೀಟಿಯ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡುತ್ತಾರೆ. ಇಂಥ ಅಂಗಡಿಯವರು ಆ್ಯಪ್ ಮಾಡಿಸಲು ಹೊರಟರೆ ನಾನು ಬೇಡವೆನ್ನುತ್ತೇನೆ. ಮೊದಲು ಮೊಬೈಲಿನಲ್ಲಿ ಸಲೀಸಾಗಿ ತೆರೆಯುವ ವೆಬ್‌ಸೈಟ್ ಇರಲಿ.

ಅರ್ಧ ಲೀಟರ್ ಎಣ್ಣೆ ಬೇಕಾದವರು ಅದಕ್ಕಾಗಿ ಪ್ಲೇ ಸ್ಟೋರಿನಲ್ಲಿ ಹುಡುಕಿ ಆ್ಯಪ್ ಇಳಿಸಿಕೊಳ್ಳುವುದು ಕಷ್ಟ. ಎಷ್ಟೋ ಫೋನುಗಳಲ್ಲಿ ಜಾಗವೇ ಇರುವುದಿಲ್ಲ. ವೆಬ್‌ಸೈಟಾದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಸಾಕು. ಅಂಗಡಿಯವರಿಗೂ ಖರ್ಚು ಕಡಿಮೆ. ಗೂಗಲ್ ಒಮ್ಮೆ 25 ಡಾಲರ್ ಪಡೆದರೆ, ಆ್ಯಪಲ್ ಪ್ರತಿ ವರ್ಷ 99 ಡಾಲರ್ ಕೇಳುತ್ತದೆ. ಅದಕ್ಕಿಂತ ದೊಡ್ಡ ಹೊರೆ, ಆಂಡ್ರಾಯ್ಡ್ ಬದಲಾದ ಹಾಗೆಲ್ಲ ಆ್ಯಪನ್ನೂ ತಿದ್ದಿಸುತ್ತಿರಬೇಕು. ಇಲ್ಲದಿದ್ದರೆ ಹೊಸ ಫೋನು ಕೊಂಡವರಿಗೆ ಅದು ಸ್ಟೋರಿನಲ್ಲಿ ಸಿಗದೇ ಹೋಗಬಹುದು.

ವೆಬ್‌ಸೈಟ್ ಹೆಚ್ಚಾಗಿ ಸೋಲುವುದು ಫೋಟೊಗಳಿಂದ. ಮೊದಲ ಪುಟದಲ್ಲಿ 60 ಸಾಮಾನು, ಒಂದೊಂದರ ಫೋಟೊ 100 ಕೆಬಿ ಎಂದರೆ ಸುಮಾರು 6 ಎಂಬಿ ಆಯಿತು. ಅದೇ ಫೋಟೊವನ್ನು ಚಿಕ್ಕದು ಮಾಡಿ ವೆಬ್‌ಪಿ ರೂಪದಲ್ಲಿ 15 ಕೆಬಿಗೆ ಇಳಿಸಿದರೆ ಒಟ್ಟು 1 ಎಂಬಿಯೂ ಆಗುವುದಿಲ್ಲ. ಮಾಡಿಕೊಟ್ಟವರ ಆಫೀಸಿನ ವೈಫೈನಲ್ಲಿ ನೋಡಿ ಒಪ್ಪಿಕೊಳ್ಳಬೇಡಿ. ಹಳೆಯ ಫೋನೊಂದರಲ್ಲಿ, ಮೊಬೈಲ್ ಡೇಟಾ ಹಾಕಿಕೊಂಡು, ನಿಮ್ಮ ಅಂಗಡಿಯ ಮುಂದೆಯೇ ತೆರೆದು ನೋಡಿ.

ಹಣ ಪಡೆಯುವ ವಿಷಯದಲ್ಲಿ ಅವಸರ ಬೇಡ. 640 ರೂಪಾಯಿಯ ಆರ್ಡರಿನಲ್ಲಿ ಹೆಸರುಬೇಳೆ ಮುಗಿದಿರುತ್ತದೆ, ಟೊಮೆಟೊ ತೂಕ ತುಸು ಹೆಚ್ಚಾಗಿರುತ್ತದೆ. ಬಿಲ್ಲು 585ಕ್ಕೆ ನಿಲ್ಲುತ್ತದೆ. ಮೊದಲೇ ಹಣ ಪಡೆದಿದ್ದರೆ 55 ರೂಪಾಯಿ ಹಿಂದಿರುಗಿಸುವ ತಾಪತ್ರಯ. ತೂಗಿ ಬಿಲ್ಲು ಮಾಡಿದ ಮೇಲೆ ಮನೆಬಾಗಿಲಲ್ಲೇ ಕ್ಯೂಆರ್ ಕೋಡ್ ತೋರಿಸುವುದು ಲೇಸು. ಪುಟದಲ್ಲಿ ಬರೀ `upi://pay` ಲಿಂಕ್ ಹಾಕಿದರೆ ಫೋನಿನ ಯುಪಿಐ ಆ್ಯಪ್ ತೆರೆಯುತ್ತದೆ ನಿಜ, ಆದರೆ ಹಣ ಬಂತೋ ಇಲ್ಲವೋ ಎಂಬುದು ವೆಬ್‌ಸೈಟಿಗೆ ಖಚಿತವಾಗಿ ತಿಳಿಯುವುದಿಲ್ಲ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಲೆಕ್ಕ ಮುಗಿಸದೆ ನಿಮ್ಮ ಖಾತೆಯನ್ನೇ ನೋಡಬೇಕು.

ವೆಬ್‌ಸೈಟಿನ ಕೈಗೆಟುಕದ ಕೆಲಸಗಳೂ ಇವೆ. ಐಫೋನಿಗೆ ಅದು ನೋಟಿಫಿಕೇಶನ್ ಕಳಿಸಲು ಸಾಧ್ಯವಾದದ್ದೇ 2023ರಲ್ಲಿ, ಅದೂ ಗಿರಾಕಿ ಆ ಪುಟವನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡಿದ್ದರೆ ಮಾತ್ರ. ಡೆಲಿವರಿ ಹುಡುಗ ಫೋನನ್ನು ಜೇಬಿಗೆ ಹಾಕಿಕೊಂಡರೆ ಅವನೆಲ್ಲಿದ್ದಾನೆಂದು ವೆಬ್‌ಸೈಟ್ ತೋರಿಸಲಾರದು. ಒಬ್ಬನೇ ಹುಡುಗ ಎರಡು ಕಿಲೋಮೀಟರಿನೊಳಗೆ ಓಡಾಡುವಷ್ಟು ದಿನ ಒಂದು ಫೋನ್ ಕರೆ ಸಾಕು. ಹತ್ತು ಹುಡುಗರಾದಾಗ ಆ್ಯಪ್ ಮಾಡಿಸಿ, ಮೊದಲು ಅವರ ಫೋನಿಗೆ ಹಾಕಿ.