ಸರಾಸರಿ ಮುಚ್ಚಿಡುವ ದಟ್ಟಣೆ

ಬೆಳಗ್ಗೆ ಹನ್ನೊಂದಕ್ಕೆ ಶಾಖೆಯಲ್ಲಿ ಲೆಡ್ಜರ್ ತೆರೆಯಲು ಅರ್ಧ ನಿಮಿಷ ಬೇಕು. ಕೇಂದ್ರ ಕಚೇರಿಯ ವರದಿ ಮಾತ್ರ ಲೈನ್ ಬಳಕೆ ಶೇ. 20 ಎನ್ನುತ್ತದೆ. ಅದು ಇಡೀ ದಿನದ ಸರಾಸರಿ, ಖಾಲಿ ರಾತ್ರಿಯೂ ಅದರಲ್ಲಿ ಸೇರಿದೆ! ಶಾಖೆಯ ರೂಟರ್‌ನ `ifHCOutOctets` ಎಣಿಕೆಯನ್ನು 5 ನಿಮಿಷಕ್ಕೊಮ್ಮೆ ಓದಿ ನೋಡಿ. ನಡುವೆ 30 ಕೋಟಿ ಬೈಟ್ ಏರಿದ್ದರೆ ಅದನ್ನು 8ರಿಂದ ಗುಣಿಸಿ, 300 ಸೆಕೆಂಡಿನಿಂದ ಭಾಗಿಸಿದಾಗ ಸೆಕೆಂಡಿಗೆ 80 ಲಕ್ಷ ಬಿಟ್. ಬಾಡಿಗೆಗೆ ಪಡೆದದ್ದು 10 ಎಂಬಿಪಿಎಸ್ ಆದರೆ ಬಳಕೆ ಶೇ. 80. ಒಳಬರುವ ದಿಕ್ಕಿನ ಲೆಕ್ಕ ಬೇರೆ, ಎರಡನ್ನೂ ಕೂಡಿಸಬಾರದು.

ಹಣ ಸುರಿಯುವ ಮೊದಲು ಲೈನ್ ತುಂಬಿಸುತ್ತಿರುವುದು ಯಾವುದೆಂದು ಹುಡುಕಬೇಕು. ಹಗಲಲ್ಲಿ ಓಡುವ ಬ್ಯಾಕಪ್ ಆಗಿದ್ದರೆ ರಾತ್ರಿಗೆ ತಳ್ಳಿದರಾಯಿತು. ಆಮೇಲೂ ಕೆಲಸದ ವೇಳೆಯಲ್ಲಿ ವಾರಗಟ್ಟಲೆ ಶೇ. 70 ದಾಟುತ್ತಿದ್ದು, ಆಗಲೇ ಪಿಂಗ್ ವಿಳಂಬವೂ ಏರುತ್ತಿದ್ದರೆ, ಹೆಚ್ಚಿನ ಬ್ಯಾಂಡ್‌ವಿಡ್ತ್ ಕೇಳಲು ನನ್ನ ಮಟ್ಟಿಗೆ ಅಷ್ಟೇ ಪುರಾವೆ ಸಾಕು.