ಸೂಜಿಯಿಲ್ಲದ ಗಡಿಯಾರ ಹೇಳುವ ಸಕ್ಕರೆಯ ಲೆಕ್ಕ

ಹಿಂದೂಪುರದಲ್ಲಾಗಲಿ ಕಲ್ಯಾಣದುರ್ಗದಲ್ಲಾಗಲಿ ಸಕ್ಕರೆ ಕಾಯಿಲೆಯ ಮಾತು ಬಾರದ ಮನೆಗಳು ಇಂದು ವಿರಳ. ಬೆರಳ ತುದಿಗೆ ಸೂಜಿ ಚುಚ್ಚಿ, ಹನಿ ರಕ್ತವನ್ನು ಪಟ್ಟಿಗೆ ತಾಗಿಸಿ ಅಂಕಿ ನೋಡುವುದು ಅನೇಕ ಹಿರಿಯರಿಗೆ ನಿತ್ಯದ ಕಷ್ಟವಾಗಿದೆ. ಇಂಥವರ ಮೊಬೈಲಿಗೆ ಈಗ ಒಂದು ಜಾಹೀರಾತು ಬರುತ್ತಿದೆ. ಕೈಗೆ ಗಡಿಯಾರ ಕಟ್ಟಿಕೊಂಡರೆ ಸಾಕು, ಸೂಜಿಯಿಲ್ಲದೆ, ರಕ್ತವಿಲ್ಲದೆ ಸಕ್ಕರೆಯ ಪ್ರಮಾಣ ತಿಳಿಯುತ್ತದೆ ಎಂಬುದು ಅದರ ಸಾರ. ದೂರದ ಊರಿನಲ್ಲಿ ದುಡಿಯುವ ಮಗನೋ ಮಗಳೋ ಅದನ್ನು ಪ್ರೀತಿಯಿಂದ ತರಿಸಿಕೊಡುವುದೂ ಉಂಟು. ಆ ಗಡಿಯಾರದ ಮಾತನ್ನು ನಂಬಬಹುದೇ?

ಮೊದಲು ಅಳೆಯಬೇಕಾದ ವಸ್ತು ಎಷ್ಟಿದೆ ಎಂಬುದನ್ನು ಗಮನಿಸಬೇಕು. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಮೀಟರಿನಲ್ಲಿ 100 ಎಂದು ಬಂದರೆ, ಪ್ರತಿ ಡೆಸಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಗ್ಲೂಕೋಸ್ ಇದೆ ಎಂದರ್ಥ. ಲೀಟರಿಗೆ ಅದು 1 ಗ್ರಾಂ. ಹಾಗಾದರೆ ಇಡೀ ರಕ್ತದಲ್ಲಿ ಇರುವುದು ಸುಮಾರು 5 ಗ್ರಾಂ, ಒಂದು ಟೀ ಚಮಚದಷ್ಟು. ಈ ಒಂದು ಚಮಚ ಹೆಚ್ಚಿದೆಯೋ ಕಡಿಮೆಯಾಗಿದೆಯೋ ಎಂಬುದನ್ನು ಚರ್ಮದ ಹೊರಗಿನಿಂದ ಗಡಿಯಾರ ಕಂಡುಹಿಡಿಯಬೇಕು.

ಗ್ಲೂಕೋಮೀಟರಿಗೆ ಈ ತೊಡಕಿಲ್ಲ. ಅದರ ಪಟ್ಟಿಯಲ್ಲಿ ಒಂದು ಕಿಣ್ವವನ್ನು ಲೇಪಿಸಿರುತ್ತಾರೆ. ರಕ್ತದಲ್ಲಿರುವ ನೂರಾರು ವಸ್ತುಗಳ ನಡುವೆ ಆ ಕಿಣ್ವವು ಗ್ಲೂಕೋಸನ್ನು ಆರಿಸಿಕೊಂಡು ವರ್ತಿಸುತ್ತದೆ. ಅದರಿಂದ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಅಳೆದು ಮೀಟರು ಅಂಕಿಯನ್ನು ತೋರಿಸುತ್ತದೆ.

ಗಡಿಯಾರದಲ್ಲಿ ಕಿಣ್ವವೂ ಇಲ್ಲ, ರಕ್ತವೂ ಇಲ್ಲ. ಅದರ ಬೆನ್ನಿನಲ್ಲಿರುವುದು ಹಸಿರು, ಕೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಸಣ್ಣ ದೀಪಗಳು. ಆ ಬೆಳಕಿನಿಂದ ನಾಡಿಮಿಡಿತವನ್ನೂ ರಕ್ತದ ಆಮ್ಲಜನಕವನ್ನೂ ಅಳೆಯುವುದು ಸಾಧ್ಯ. ಏಕೆಂದರೆ ಹಿಮೋಗ್ಲೋಬಿನ್ ಗಾಢವಾದ ಬಣ್ಣದ ವಸ್ತು, ಆಮ್ಲಜನಕವನ್ನು ಹೊತ್ತಾಗ ಅದರ ಬಣ್ಣ ಬದಲಾಗುತ್ತದೆ. ಗ್ಲೂಕೋಸಿಗೆ ಬಣ್ಣವಿಲ್ಲ. ಅವಕೆಂಪಿನ ಕೆಲವು ಭಾಗಗಳಲ್ಲಿ ಅದು ಬೆಳಕನ್ನು ಸ್ವಲ್ಪ ಹೀರುತ್ತದೆ, ನಿಜ. ಆದರೆ ಅದೇ ಭಾಗದಲ್ಲಿ ನೀರು, ಕೊಬ್ಬು, ಪ್ರೋಟೀನುಗಳೂ ಬೆಳಕನ್ನು ಹೀರುತ್ತವೆ, ಮತ್ತು ದೇಹದಲ್ಲಿ ಬಹುಭಾಗ ನೀರೇ. ಕೈ ಬೆವರಿದರೆ, ಚರ್ಮ ತಣ್ಣಗಾದರೆ, ಪಟ್ಟಿ ತುಸು ಬಿಗಿಯಾದರೆ ಆಗುವ ವ್ಯತ್ಯಾಸವು ಗ್ಲೂಕೋಸಿನಿಂದಾಗುವ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ. ಜಾತ್ರೆಯ ಗದ್ದಲದಲ್ಲಿ ಒಬ್ಬರ ಪಿಸುಮಾತನ್ನು ಆಲಿಸಿದಂತೆ ಈ ಕೆಲಸ.

ಹಾಗಾದರೆ ಗಡಿಯಾರದ ಅಂಕಿ ಎಷ್ಟೋ ಸಲ ಸರಿಯಾಗಿಯೇ ಕಾಣುವುದೇಕೆ? ಸಂದೇಹದ ತಿರುಳು ಇರುವುದು ಇಲ್ಲಿಯೇ. ಒಂದು ಲೆಕ್ಕವನ್ನು ನೋಡೋಣ. ಯಾವಾಗ ನೋಡಿದರೂ 105 ಎಂದೇ ತೋರಿಸುವ ಒಂದು ಗಡಿಯಾರವಿದೆ ಎಂದಿಟ್ಟುಕೊಳ್ಳಿ. ಅದು ಏನನ್ನೂ ಅಳೆಯುವುದಿಲ್ಲ. ಸಕ್ಕರೆ ಕಾಯಿಲೆ ಇಲ್ಲದ ತರುಣನೊಬ್ಬ ಅದನ್ನು ಪರೀಕ್ಷಿಸುತ್ತಾನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೀಟರು 90 ಎನ್ನುತ್ತದೆ, ಮುದ್ದೆ ಉಂಡ ಒಂದು ಗಂಟೆಯ ಬಳಿಕ 120 ಎನ್ನುತ್ತದೆ. ಎರಡು ಸಲವೂ ಗಡಿಯಾರದ ವ್ಯತ್ಯಾಸ ಕೇವಲ 15. ಮೀಟರುಗಳಿಗಾಗಿ ಇರುವ 2013ರ ಅಂತರರಾಷ್ಟ್ರೀಯ ಮಾನದಂಡವು 100ಕ್ಕಿಂತ ಕೆಳಗೆ 15 ಅಂಕಿಗಳ, ಅದಕ್ಕಿಂತ ಮೇಲೆ ಶೇಕಡಾ 15ರ ವ್ಯತ್ಯಾಸವನ್ನು ಒಪ್ಪುತ್ತದೆ. ಏನನ್ನೂ ಅಳೆಯದ ಗಡಿಯಾರವು ಈ ಎರಡು ಪರೀಕ್ಷೆಗಳಲ್ಲೂ ತೇರ್ಗಡೆಯಾಯಿತು!

ಅದೇ ಗಡಿಯಾರವನ್ನು ಅವನ ತಾತನ ಕೈಗೆ ಕಟ್ಟಿದರೆ ನಿಜ ಬಯಲಾಗುತ್ತದೆ. ತಾತನ ಸಕ್ಕರೆ ಊಟದ ಬಳಿಕ 250ಕ್ಕೆ ಏರಿದಾಗಲೂ ಅದು 105 ಎನ್ನುತ್ತದೆ, 60ಕ್ಕೆ ಇಳಿದಾಗಲೂ 105 ಎನ್ನುತ್ತದೆ. ಮಾರಾಟಕ್ಕಿರುವ ಗಡಿಯಾರಗಳು ಇಷ್ಟು ಮೊದ್ದಲ್ಲ. ವಯಸ್ಸು, ತೂಕ, ಊಟದ ಸಮಯ, ಹಿಂದೆ ಮೀಟರಿನಲ್ಲಿ ಬಂದ ಅಂಕಿ ಇವುಗಳನ್ನು ಮೊದಲೇ ಕೇಳಿ ತಿಳಿದುಕೊಳ್ಳುವಂಥವೂ ಇವೆ. ಊಟವಾದ ಮೇಲೆ ಸಕ್ಕರೆ ಏರುತ್ತದೆ ಎಂದು ಊಹಿಸಲು ಅಳತೆಯೇ ಬೇಕಿಲ್ಲ. ಸಾಕ್ಷಿಗೆ ಉತ್ತರವನ್ನು ಮೊದಲೇ ಹೇಳಿಕೊಟ್ಟು ಬಳಿಕ ಪ್ರಶ್ನೆ ಕೇಳಿದರೆ ಆ ಸಾಕ್ಷ್ಯಕ್ಕೆ ಬೆಲೆಯೇನು?

ಇದು ಬರಿಯ ತರ್ಕವಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ವೃದ್ಧೆಯೊಬ್ಬರಿಗೆ ನಡುರಾತ್ರಿ ಬೆವರು, ನಡುಕ, ಎದೆಬಡಿತ ಶುರುವಾಯಿತೆನ್ನಿ. ನಿಜವಾದ ಸಕ್ಕರೆ 55 ಇದೆ, ಗಡಿಯಾರ 118 ಎಂದು ತೋರಿಸುತ್ತದೆ. ಮನೆಯವರು ಅದನ್ನು ನಂಬಿ, ಸೆಕೆಯಿಂದಾದ ಆಯಾಸವೆಂದು ಮಲಗಿಸಿದರೆ ಆಕೆಗೆ ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಇಂಥ ಲಕ್ಷಣ ಕಂಡಾಗ ನೋಡಬೇಕಾದದ್ದು ಮೀಟರನ್ನು. ಮೀಟರು ಕೈಗೆ ಸಿಗದಿದ್ದರೆ, ಪ್ರಜ್ಞೆಯಿದ್ದು ನುಂಗಬಲ್ಲವರಿಗೆ ತಡಮಾಡದೆ ಸಕ್ಕರೆ ನೀರು ಕುಡಿಸಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಈ ಅಪಾಯವನ್ನು ಕಂಡೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಹೊರಡಿಸಿತು. ಚರ್ಮವನ್ನು ಚುಚ್ಚದೆ ತಾನಾಗಿಯೇ ಸಕ್ಕರೆ ಅಳೆಯುವ ಯಾವ ಸ್ಮಾರ್ಟ್ ಗಡಿಯಾರಕ್ಕೂ ಉಂಗುರಕ್ಕೂ ತಾನು ಅನುಮತಿ ನೀಡಿಲ್ಲವೆಂದು ಅದು ಸ್ಪಷ್ಟಪಡಿಸಿತು. ಆದರೆ ಒಂದು ಭೇದವನ್ನು ಮರೆಯಬಾರದು. ತೋಳಿಗೆ ಅಂಟಿಸುವ ಕೆಲವು ಸೆನ್ಸರುಗಳ ಅಂಕಿ ಗಡಿಯಾರದ ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಅಲ್ಲಿ ಅಳೆಯುವುದು ಗಡಿಯಾರವಲ್ಲ. ಸೆನ್ಸರಿನ ಕೂದಲೆಳೆಯಂಥ ತಂತು ಚರ್ಮದೊಳಗಿದ್ದು, ಜೀವಕೋಶಗಳ ನಡುವಿನ ದ್ರವದಲ್ಲಿರುವ ಗ್ಲೂಕೋಸನ್ನು ಕಿಣ್ವದಿಂದಲೇ ಅಳೆಯುತ್ತದೆ. ಅದರ ಅಂಕಿ ರಕ್ತದ ಅಂಕಿಗಿಂತ ಕೆಲವು ನಿಮಿಷ ಹಿಂದುಳಿದರೂ ಅದು ನಿಜವಾದ ಅಳತೆ.

ಪ್ರಾಮಾಣಿಕ ಪ್ರಯತ್ನಗಳೂ ನಡೆದಿವೆ. 2001ರಲ್ಲಿ ಅದೇ ಅಮೆರಿಕದಲ್ಲಿ ‘ಗ್ಲೂಕೋವಾಚ್’ ಎಂಬ ಗಡಿಯಾರಕ್ಕೆ ಅನುಮತಿ ದೊರೆತಿತ್ತು. ಅದು ಮಂದ ವಿದ್ಯುತ್ತನ್ನು ಹರಿಸಿ ಚರ್ಮದ ಮೂಲಕ ಗ್ಲೂಕೋಸನ್ನು ಹೊರಸೆಳೆಯುತ್ತಿತ್ತು. ಆದರೆ ಅದನ್ನು ಸರಿಹೊಂದಿಸಲು ಬೆರಳು ಚುಚ್ಚಲೇಬೇಕಿತ್ತು. ಬೆವರಿದರೆ ಅಂಕಿ ಬರುತ್ತಿರಲಿಲ್ಲ, ಚರ್ಮ ಕೆಂಪಾಗಿ ಉರಿಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು.

ಹಿಂದೂಪುರಕ್ಕೆ ದೂರವಲ್ಲದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಸಂಶೋಧನೆ ಸಾಗಿದೆ. ಅಲ್ಲಿಯ ತಂಡ ಲೇಸರ್ ಬೆಳಕಿನ ಅತಿ ಕಿರಿದಾದ ಮಿಡಿತಗಳನ್ನು ಅಂಗಾಂಶದೊಳಗೆ ಹಾಯಿಸುತ್ತದೆ. ಅದರಿಂದ ಅಂಗಾಂಶ ತುಸು ಬಿಸಿಯಾಗಿ, ಕಿವಿಗೆ ಕೇಳದ ಶಬ್ದತರಂಗಗಳು ಏಳುತ್ತವೆ. ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುವ ಗುಣ ಗ್ಲೂಕೋಸಿಗಿರುವುದರಿಂದ, ಆ ಶಬ್ದದ ಬಲದಲ್ಲಾಗುವ ಬದಲಾವಣೆಯಿಂದ ಅದರ ಪ್ರಮಾಣವನ್ನು ಅಂದಾಜಿಸುತ್ತಾರೆ. ಇಂಥ ಲೇಸರ್ ಉಪಕರಣ ದುಬಾರಿ, ಗಾತ್ರದಲ್ಲೂ ದೊಡ್ಡದು. ಪ್ರಯೋಗಶಾಲೆಯಲ್ಲಿ ಇಷ್ಟು ಸಲಕರಣೆ ಬೇಡುವ ಕೆಲಸವನ್ನು ಅಗ್ಗದ ಗಡಿಯಾರದ ಸಣ್ಣ ದೀಪ ಮಾಡಿಮುಗಿಸುತ್ತದೆ ಎಂದರೆ, ಅದನ್ನು ರುಜುವಾತು ಮಾಡುವ ಹೊಣೆ ಮಾರುವವನದು.

ಆದ್ದರಿಂದ ಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಬೇಕು. 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಸಕ್ಕರೆ ಅಳೆಯಲು ಇದಕ್ಕೆ ಪರವಾನಗಿ ಇದೆಯೇ? ಪೆಟ್ಟಿಗೆಯ ಮೂಲೆಯಲ್ಲಿ ‘ವೈದ್ಯಕೀಯ ಬಳಕೆಗಲ್ಲ’ ಎಂಬ ಸಣ್ಣ ಅಕ್ಷರಗಳಿವೆಯೇ? ಈಗಾಗಲೇ ಕೊಂಡವರು ಬಿಲ್ಲನ್ನೂ ಜಾಹೀರಾತಿನ ಚಿತ್ರವನ್ನೂ ಜೋಪಾನವಾಗಿಡಲಿ. ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹೆಜ್ಜೆ ಎಣಿಸಲು, ಸಮಯ ನೋಡಲು ಆ ಗಡಿಯಾರ ಕೈಯಲ್ಲಿರಲಿ. ಇನ್ಸುಲಿನ್ ಎಷ್ಟು, ಮಾತ್ರೆ ಎಷ್ಟು ಎಂಬುದನ್ನು ಮಾತ್ರ ಅದರ ಅಂಕಿ ನೋಡಿ ತೀರ್ಮಾನಿಸಬಾರದು.